ರಿಟೆನ್ಷನ್ ಗ್ರಾಫ್ ಓದಿ ಮುಂದಿನ ಕಂತನ್ನು ಕಟ್ಟುವುದು ಹೇಗೆ?

ಯೂಟ್ಯೂಬಿನಲ್ಲಿ ಕಥಾ ಸರಣಿಗಳನ್ನು ಬಿಡುಗಡೆ ಮಾಡುವ ಓದುಗರಿಂದ ಒಂದೇ ಪ್ರಶ್ನೆ ಬೇರೆ ಬೇರೆ ರೂಪದಲ್ಲಿ ಬರುತ್ತಲೇ ಇದೆ: “ಏಳನೇ ನಿಮಿಷದಲ್ಲಿ ಗ್ರಾಫ್ ಕುಸಿದಿದೆ, ಮುಂದಿನ ಕಂತಿನಲ್ಲಿ ಏನನ್ನು ಕತ್ತರಿಸಬೇಕು?” ಗ್ರಾಫ್ ಒಂದನ್ನೇ ನೋಡಿ ಈ ಪ್ರಶ್ನೆಗೆ ಉತ್ತರಿಸಲು ಸಾಧ್ಯವಿಲ್ಲ. ಗ್ರಾಫನ್ನು ಕಂತಿನ ದೃಶ್ಯಪಟ್ಟಿಯ ಪಕ್ಕದಲ್ಲಿಟ್ಟು, ಒಂದೆರಡು ಸರಳ ಲೆಕ್ಕಗಳನ್ನು ಹಾಕಿ ಓದಿದರೆ ಉತ್ತರ ಬಹುಮಟ್ಟಿಗೆ ಸಿಗುತ್ತದೆ. ಆ ಕ್ರಮವನ್ನು ಇಲ್ಲಿ ಹಂತ ಹಂತವಾಗಿ ವಿವರಿಸಿದ್ದೇನೆ. ಉದಾಹರಣೆಗಾಗಿ 20 ನಿಮಿಷಗಳ ಒಂದು ಕಂತನ್ನು ಕಲ್ಪಿಸಿಕೊಂಡಿದ್ದೇನೆ. ಅದರ ಕಥೆಯೂ ಅಂಕಿಗಳೂ ಲೆಕ್ಕ ತಿಳಿಸುವುದಕ್ಕಾಗಿ ಇಟ್ಟುಕೊಂಡವು, ಯಾವ ಚಾನೆಲ್ಲಿನವೂ ಅಲ್ಲ.

ಗ್ರಾಫ್ ಏನನ್ನು ಹೇಳುತ್ತದೆ

ರಿಟೆನ್ಷನ್ ಎಂದರೆ ವೀಕ್ಷಕರ ಉಳಿಕೆ. ವಿಡಿಯೊದ ಆಯಾ ಕ್ಷಣವನ್ನು ಎಷ್ಟು ಸಲ ನೋಡಲಾಗಿದೆ ಎಂಬುದನ್ನು ಒಟ್ಟು ವೀಕ್ಷಣೆಗಳ ಶೇಕಡಾವಾರು ಲೆಕ್ಕದಲ್ಲಿ ಈ ಗೆರೆ ತೋರಿಸುತ್ತದೆ. “ನೋಡಲಾದ ಸಲ” ಎಂಬುದೇ ಇಲ್ಲಿ ಮುಖ್ಯ. ಒಬ್ಬರೇ ಹಿಂದಕ್ಕೆ ಹೋಗಿ ಅದೇ ಕ್ಷಣವನ್ನು ಎರಡನೇ ಬಾರಿ ನೋಡಿದರೆ ಅದೂ ಲೆಕ್ಕಕ್ಕೆ ಸೇರುತ್ತದೆ. ಆದ್ದರಿಂದಲೇ ಗೆರೆ ಕೆಲವೆಡೆ ಮೇಲೇಳಬಹುದು, ಅಪರೂಪಕ್ಕೆ ಶೇ. 100 ದಾಟಲೂಬಹುದು. ಬಿಟ್ಟುಹೋದವರು ಮರಳಿ ಬಂದರೆಂದು ಅದರ ಅರ್ಥವಲ್ಲ.

ಯೂಟ್ಯೂಬಿನ ಈ ದತ್ತಾಂಶ ಇಡೀ ವಿಡಿಯೊವನ್ನು ನೂರು ಸಮಭಾಗಗಳನ್ನಾಗಿ ಒಡೆದು ಅಳೆಯುತ್ತದೆ ಎಂಬುದನ್ನೂ ತಿಳಿದಿರಬೇಕು. 20 ನಿಮಿಷಗಳ ಕಂತಿನಲ್ಲಿ ಒಂದು ಬಿಂದು ಎಂದರೆ 12 ಸೆಕೆಂಡು. 50 ನಿಮಿಷಗಳ ಕಂತಿನಲ್ಲಿ ಅದು 30 ಸೆಕೆಂಡು. ಆ ಅವಧಿಗಿಂತ ಚಿಕ್ಕದಾದ ಒಂದು ಮಾತಿನ ಮೇಲೋ ಒಂದು ಶಾಟಿನ ಮೇಲೋ ಗ್ರಾಫ್ ತೀರ್ಪು ಕೊಟ್ಟಿತೆಂದು ವಾದಿಸುವುದರಲ್ಲಿ ಹುರುಳಿಲ್ಲ.

ಬೇಕಾಗುವ ಸಾಮಗ್ರಿ

ಕಂಪ್ಯೂಟರಿನಲ್ಲಿ ತೆರೆದ ಯೂಟ್ಯೂಬ್ ಸ್ಟುಡಿಯೊ, ಬಿಡುಗಡೆಯಾದ ಕಂತಿನ ಅಂತಿಮ ಎಡಿಟ್, ಒಂದು ಸ್ಪ್ರೆಡ್‌ಶೀಟ್ ಇಷ್ಟಿದ್ದರೆ ಸಾಕು. ಸ್ಟುಡಿಯೊದಲ್ಲಿ ಆ ವಿಡಿಯೊದ `Analytics` ಪುಟಕ್ಕೆ ಹೋದರೆ `Key moments for audience retention` ಎಂಬ ವರದಿ ಸಿಗುತ್ತದೆ. ಮೊಬೈಲಿನಲ್ಲಿಯೂ ಗ್ರಾಫ್ ಕಾಣುತ್ತದೆಯಾದರೂ ಸೆಕೆಂಡಿನ ಮಟ್ಟದಲ್ಲಿ ಬೆರಳಿಟ್ಟು ಓದುವುದು ಕಷ್ಟ.

ಹಂತ 1: ಗ್ರಾಫ್ ತೆರೆಯುವ ಮೊದಲೇ ದೃಶ್ಯಪಟ್ಟಿ ಬರೆಯಿರಿ

ಎಡಿಟ್ ಟೈಮ್‌ಲೈನ್ ನೋಡಿಕೊಂಡು ಪ್ರತಿ ದೃಶ್ಯದ ಆರಂಭದ ಸಮಯ, ಅಂತ್ಯದ ಸಮಯ, ಆ ದೃಶ್ಯದಿಂದ ವೀಕ್ಷಕರಿಗೆ ಹೊಸದಾಗಿ ತಿಳಿಯುವ ಸಂಗತಿ ಇವಿಷ್ಟನ್ನೂ ಬರೆದಿಟ್ಟುಕೊಳ್ಳಿ. ಮೂರನೆಯ ಕಾಲಮ್ಮನ್ನು ಬಿಡಬೇಡಿ, ಮುಂದೆ ಕಾರಣ ಹುಡುಕುವಾಗ ಹೆಚ್ಚು ಉಪಯೋಗಕ್ಕೆ ಬರುವುದು ಅದೇ. ಶೀರ್ಷಿಕೆ ಗೀತೆ, ಹಿಂದಿನ ಕಂತಿನ ತುಣುಕು, ಪ್ರಾಯೋಜಕರ ಮಾತು, ನಡುವೆ ಬರುವ ಜಾಹೀರಾತಿನ ಜಾಗ ಎಲ್ಲವೂ ಪಟ್ಟಿಯಲ್ಲಿರಲಿ.

ಈ ಕೆಲಸವನ್ನು ಗ್ರಾಫ್ ನೋಡುವ ಮುನ್ನವೇ ಮುಗಿಸಿ ಎನ್ನುವುದಕ್ಕೆ ಕಾರಣವಿದೆ. ಕುಸಿತವನ್ನು ಮೊದಲು ನೋಡಿದರೆ, ನಮಗೆ ಮೊದಲಿನಿಂದಲೂ ಅನುಮಾನವಿದ್ದ ದೃಶ್ಯದ ತಲೆಗೇ ತಪ್ಪನ್ನು ಕಟ್ಟಿಬಿಡುತ್ತೇವೆ.

ಹಂತ 2: ಯಾವಾಗ ಓದಬೇಕೆಂದು ನಿಗದಿ ಮಾಡಿಕೊಳ್ಳಿ

ಬಿಡುಗಡೆಯ ನಂತರ ಈ ದತ್ತಾಂಶ ಸಿದ್ಧವಾಗಲು ಸಾಮಾನ್ಯವಾಗಿ ಒಂದೆರಡು ದಿನ ಬೇಕು. ಆದರೂ ಮೊದಲ ದಿನಗಳ ಗ್ರಾಫನ್ನು ನಂಬಿ ನಿರ್ಧಾರ ಮಾಡಬೇಡಿ. ಆಗ ಬರುವವರಲ್ಲಿ ಹೆಚ್ಚಿನವರು ನೋಟಿಫಿಕೇಷನ್ ಕಂಡು ಬರುವ ಸಬ್‌ಸ್ಕ್ರೈಬರ್‌ಗಳು. ಅವರಿಗೆ ಪಾತ್ರಗಳು ಗೊತ್ತು, ತಾಳ್ಮೆಯೂ ಹೆಚ್ಚು. ನಂತರದ ದಿನಗಳಲ್ಲಿ ಯೂಟ್ಯೂಬ್ ಶಿಫಾರಸು ಮಾಡಿ ಕಳುಹಿಸುವ ಅಪರಿಚಿತರು ಸೇರಿದಂತೆ ಗೆರೆ ಕೆಳಗಿಳಿಯುತ್ತದೆ. ವಾರಕ್ಕೊಂದು ಕಂತು ಬಿಡುವವರು ಏಳನೇ ದಿನವನ್ನು ಗೊತ್ತುಮಾಡಿಕೊಂಡು ಪ್ರತಿ ಕಂತನ್ನೂ ಅದೇ ವಯಸ್ಸಿನಲ್ಲಿ ಓದುವುದು ಒಳ್ಳೆಯದು. ಮೂರು ತಿಂಗಳ ಹಳೆಯ ಕಂತಿನೊಂದಿಗೆ ಮೂರು ದಿನದ ಕಂತನ್ನು ಹೋಲಿಸಿದರೆ ಹೊಸದು ಗೆದ್ದಂತೆ ಕಾಣುವುದು ಸಹಜ, ಆದರೆ ಅದು ನಿಜವಾದ ಗೆಲುವಲ್ಲ.

ವೀಕ್ಷಣೆಗಳ ಸಂಖ್ಯೆಯನ್ನೂ ಗಮನಿಸಿ. 400 ವೀಕ್ಷಣೆಗಳಿರುವ ಕಂತಿನಲ್ಲಿ ಶೇ. 50ರ ಆಸುಪಾಸಿನ ಬಿಂದುವೊಂದು ಕೇವಲ ಆಕಸ್ಮಿಕವಾಗಿ ಐದು ಅಂಶಗಳಷ್ಟು ಮೇಲೆ ಕೆಳಗೆ ಆಗಬಹುದು. ಹೀಗಿರುವಾಗ ಹಿಂದಿನ ಕಂತು 48, ಈ ಕಂತು 51 ಎಂದು ಸಂಭ್ರಮಿಸುವುದರಲ್ಲಿ ಅರ್ಥವಿಲ್ಲ. ಒಂದೇ ಕಂತಿನೊಳಗೆ ಒಮ್ಮೆಲೇ ಕಾಣುವ ದೊಡ್ಡ ಕುಸಿತವನ್ನು ಮಾತ್ರ ಇಷ್ಟು ಕಡಿಮೆ ವೀಕ್ಷಣೆಗಳಲ್ಲೂ ನಂಬಬಹುದು.

ಹಂತ 3: ಗೆರೆಯ ಆಕಾರಗಳನ್ನು ಬೇರ್ಪಡಿಸಿ

ಎಲ್ಲ ಇಳಿತಗಳೂ ಒಂದೇ ಜಾತಿಯವಲ್ಲ. ಕಥಾ ಸರಣಿಯ ಗ್ರಾಫಿನಲ್ಲಿ ನಾಲ್ಕು ಆಕಾರಗಳನ್ನು ಗುರುತಿಸುವುದು ಅಗತ್ಯ, ಅವುಗಳಲ್ಲಿಯೂ ಮೊದಲೆರಡರ ವ್ಯತ್ಯಾಸ ತಿಳಿಯದೆ ಮುಂದೆ ಹೋಗಲೇಬಾರದು.

ಗೆರೆ ಥಟ್ಟನೆ ಇಳಿದು, ಸ್ವಲ್ಪ ಹೊತ್ತಿನ ನಂತರ ಬಹುಪಾಲು ಹಳೆಯ ಮಟ್ಟಕ್ಕೆ ಏರಿದರೆ ಅದು ಜಿಗಿತದ ಹಳ್ಳ. ಅಲ್ಲಿ ಜನ ಕಂತನ್ನು ಬಿಟ್ಟಿಲ್ಲ, ಆ ಭಾಗವನ್ನು ಹಾರಿಸಿ ಮುಂದಕ್ಕೆ ಹೋಗಿದ್ದಾರೆ. ಇಳಿದದ್ದು ಮತ್ತೆ ಏರದೆ ಅದೇ ಮಟ್ಟದಲ್ಲಿ ಮುಂದುವರಿದರೆ ಅದು ಮೆಟ್ಟಿಲು. ಆ ಜನ ಹೋದರು, ಮತ್ತೆ ಬರಲಿಲ್ಲ. ಜಿಗಿತದ ಹಳ್ಳಕ್ಕೆ ಪರಿಹಾರ ಆ ಭಾಗವನ್ನು ಚಿಕ್ಕದು ಮಾಡುವುದು. ಮೆಟ್ಟಿಲಿಗೆ ಪರಿಹಾರ ಕಥೆಯ ರಚನೆಯಲ್ಲಿದೆ, ಏಕೆಂದರೆ ಮುಂದೇನು ಎಂದು ತಿಳಿಯುವ ಆಸೆಯೇ ಅಲ್ಲಿ ಕಳೆದುಹೋಗಿದೆ. ಹಾರಿಸಿ ನೋಡಿದವನಿಗೆ ಆ ಆಸೆ ಇನ್ನೂ ಇದೆ.

ಮೂರನೆಯದು ನಿಧಾನವಾದ ಇಳಿಜಾರು. ಇದು ಎಲ್ಲ ವಿಡಿಯೊಗಳಲ್ಲೂ ಇರುವಂಥದ್ದು, ಅದು ತೀರಾ ಕಡಿದಾದಾಗ ಮಾತ್ರ ಚಿಂತಿಸಬೇಕು. ನಾಲ್ಕನೆಯದು ಉಬ್ಬು, ಅಂದರೆ ಜನ ಮತ್ತೆ ನೋಡಿದ ಅಥವಾ ಯಾರೋ ಹಂಚಿಕೊಂಡ ಕೊಂಡಿಯ ಮೂಲಕ ನೇರವಾಗಿ ಬಂದಿಳಿದ ಜಾಗ. ಉಬ್ಬನ್ನು ಕಂಡ ಕೂಡಲೇ ಮೆಚ್ಚುಗೆ ಎಂದು ಬರೆದುಕೊಳ್ಳಬೇಡಿ. ಮಾತು ಕೇಳಿಸದಿದ್ದರೂ, ಯಾರ ಹೆಸರು ಹೇಳಿದರೆಂದು ತಿಳಿಯದಿದ್ದರೂ ಜನ ಹಿಂದಕ್ಕೆ ಹೋಗುತ್ತಾರೆ. ಆ ಭಾಗವನ್ನು ಹೆಡ್‌ಫೋನ್ ಇಲ್ಲದೆ, ಫೋನಿನ ಸ್ಪೀಕರಿನಲ್ಲಿ ಒಮ್ಮೆ ಕೇಳಿ. ಕಾರಣ ಹೆಚ್ಚಾಗಿ ಅಲ್ಲೇ ಸಿಗುತ್ತದೆ.

ಹಂತ 4: ಪ್ರತಿ ದೃಶ್ಯದ ನಷ್ಟವನ್ನು ಲೆಕ್ಕ ಹಾಕಿ

ಹೆಚ್ಚಿನವರು ಎಡವುವುದು ಇಲ್ಲಿ. ಶೇ. 80ರಿಂದ 72ಕ್ಕೆ ಇಳಿದದ್ದು ಎಂಟು ಅಂಶ, 40ರಿಂದ 36ಕ್ಕೆ ಇಳಿದದ್ದು ನಾಲ್ಕು ಅಂಶ; ಕಣ್ಣಿಗೆ ಮೊದಲನೆಯದು ಎರಡು ಪಟ್ಟು ಕೆಟ್ಟದಾಗಿ ಕಾಣುತ್ತದೆ. ಆದರೆ ಎರಡೂ ಕಡೆ ಆ ಹೊತ್ತಿಗೆ ಉಳಿದಿದ್ದವರಲ್ಲಿ ಹತ್ತರಲ್ಲಿ ಒಬ್ಬರು ಎದ್ದುಹೋಗಿದ್ದಾರೆ, ಆದ್ದರಿಂದ ಎರಡೂ ದೃಶ್ಯಗಳ ದೌರ್ಬಲ್ಯ ಸಮ. ಇದರ ಜೊತೆಗೆ ದೃಶ್ಯದ ಉದ್ದವನ್ನೂ ಪರಿಗಣಿಸಬೇಕು, ಉದ್ದದ ದೃಶ್ಯ ಹೆಚ್ಚು ಜನರನ್ನು ಕಳೆದುಕೊಳ್ಳುವುದು ಸಹಜ. ಸ್ಪ್ರೆಡ್‌ಶೀಟಿನಲ್ಲಿ B ಕಾಲಮ್ಮಿಗೆ ಆರಂಭದ ಉಳಿಕೆ, C ಕಾಲಮ್ಮಿಗೆ ಅಂತ್ಯದ ಉಳಿಕೆ, D ಕಾಲಮ್ಮಿಗೆ ನಿಮಿಷಗಳಲ್ಲಿ ಉದ್ದ ಹಾಕಿ ಈ ಸೂತ್ರ ಕೊಡಿ:

```
=(B2-C2)/B2*100/D2
```

ಬರುವ ಉತ್ತರವೇ ಉಳಿದಿದ್ದವರಲ್ಲಿ ಪ್ರತಿ ನಿಮಿಷಕ್ಕೆ ಶೇಕಡಾ ಎಷ್ಟು ಮಂದಿ ಹೋದರೆಂಬ ನಷ್ಟದ ದರ. ಬೇರೆ ಬೇರೆ ಉದ್ದದ, ಕಂತಿನ ಬೇರೆ ಬೇರೆ ಜಾಗದ ದೃಶ್ಯಗಳನ್ನು ಇದರಿಂದ ಹೋಲಿಸಬಹುದು.

ಈಗ ಉದಾಹರಣೆಯ ಕಂತಿಗೆ ಬರೋಣ. ಮಂಡ್ಯ ಕಡೆಯ ಹಳ್ಳಿಯೊಂದರಲ್ಲಿ ಅಣ್ಣತಮ್ಮಂದಿರ ಜಮೀನು ಪಾಲಿನ ಕಥೆ. ತಮ್ಮ ತಾಲ್ಲೂಕು ಕಚೇರಿಗೆ ಹೋಗಿ, ಪಹಣಿಯಲ್ಲಿ ತನ್ನ ಹೆಸರಿಲ್ಲದಿರುವುದನ್ನು ಕಂಡುಕೊಳ್ಳುವುದರಿಂದ ಕಂತು ಆರಂಭವಾಗುತ್ತದೆ.

| ಸಮಯ | ದೃಶ್ಯ | ಉಳಿಕೆ (ಶೇ.) | ನಿಮಿಷಕ್ಕೆ ನಷ್ಟ (ಶೇ.) |
|---|---|---|---|
| 1:36–5:00 | ತಾಲ್ಲೂಕು ಕಚೇರಿ | 69 → 62 | 3.0 |
| 5:00–7:00 | ಅತ್ತಿಗೆಯೊಡನೆ ಅಡುಗೆಮನೆಯ ಮಾತು | 62 → 58 | 3.2 |
| 7:00–9:24 | ಬೆಂಗಳೂರಿನಿಂದ ಅಣ್ಣನ ಪಯಣ | 58 → 47 | 7.9 |
| 9:24–14:00 | ಜಗಲಿಯ ಪಂಚಾಯಿತಿ | 47 → 43 | 1.9 |
| 14:00–17:00 | ರಾತ್ರಿ, ತಾಯಿ ಒಬ್ಬಳೇ | 43 → 39 | 3.1 |
| 17:00–19:12 | ಹಳೆಯ ಪತ್ರ ಸಿಗುವುದು | 39 → 37 | 2.3 |

ಅಡುಗೆಮನೆ, ಪಂಚಾಯಿತಿ, ತಾಯಿಯ ರಾತ್ರಿ ಈ ಮೂರೂ ದೃಶ್ಯಗಳು ಗ್ರಾಫಿನಲ್ಲಿ ತಲಾ ನಾಲ್ಕು ಅಂಶ ಕಳೆದುಕೊಂಡಿವೆ. ನಷ್ಟದ ದರ ಹಾಕಿದ ಮೇಲೆ ಪಂಚಾಯಿತಿಯೇ ಕಂತಿನ ಅತ್ಯಂತ ಗಟ್ಟಿ ದೃಶ್ಯವೆಂದೂ, ನಾಲ್ಕೂವರೆ ನಿಮಿಷಕ್ಕೂ ಉದ್ದವಾಗಿದ್ದು ಜನರನ್ನು ಹಿಡಿದಿಟ್ಟಿದೆಯೆಂದೂ ತಿಳಿಯುತ್ತದೆ. ಮಾತೇ ಇಲ್ಲದ ರಾತ್ರಿಯ ದೃಶ್ಯವನ್ನು ಕತ್ತರಿಸಬೇಕೆಂದು ತಂಡದಲ್ಲಿ ಯಾರಾದರೂ ಹಟ ಹಿಡಿದಿದ್ದರೆ ಅವರಿಗೆ ಈ ಸಾಲನ್ನು ತೋರಿಸಿ. ಅದರ ನಷ್ಟ ತಾಲ್ಲೂಕು ಕಚೇರಿಯ ದೃಶ್ಯದಷ್ಟೇ ಇದೆ, ಜೊತೆಗೆ ಅದರ ನಂತರ ಬರುವ ಪತ್ರದ ದೃಶ್ಯ ಚೆನ್ನಾಗಿ ನಿಂತಿದೆ. ಕಂತಿನ ಸರಾಸರಿಯ ಮಟ್ಟದಲ್ಲೇ ಜನ ಹೋಗುತ್ತಿರುವ ನಿಧಾನ ದೃಶ್ಯ, ಮುಂದಿನ ದೃಶ್ಯಕ್ಕೆ ಬೇಕಾದ ಭಾರವನ್ನು ಕಟ್ಟುತ್ತಿದ್ದರೆ ಅದನ್ನು ಮುಟ್ಟಬಾರದೆಂಬುದು ನನ್ನ ಅಭಿಪ್ರಾಯ.

ಸರಿಪಡಿಸಬೇಕಾದದ್ದು ಅಣ್ಣನ ಪಯಣ.

ಹಂತ 5: ಕುಸಿತದ ಮೊದಲ ಬಿಂದುವಿನಿಂದ ಹಿಂದಕ್ಕೆ ನೋಡಿ

ಬೇಸರ ಹುಟ್ಟಿದ ಕ್ಷಣದಲ್ಲೇ ಯಾರೂ ವಿಡಿಯೊ ಮುಚ್ಚುವುದಿಲ್ಲ. ಸ್ವಲ್ಪ ಕಾದು, ಮುಂದೇನೂ ಬರುವಂತಿಲ್ಲವೆಂದು ಅನ್ನಿಸಿದ ಮೇಲೆ ಹೋಗುತ್ತಾರೆ. ಹಾಗಾಗಿ ಕಾರಣವನ್ನು ಕುಸಿತದ ತಳದಲ್ಲಿ ಹುಡುಕದೆ, ಗೆರೆ ಬಾಗಲು ಆರಂಭಿಸಿದ ಜಾಗಕ್ಕೆ ಹೋಗಿ, ಅಲ್ಲಿಂದಲೂ ಹತ್ತರಿಂದ ಮೂವತ್ತು ಸೆಕೆಂಡು ಹಿಂದಿನಿಂದ ನೋಡಲು ಶುರು ಮಾಡಬೇಕು.

ಅಣ್ಣನ ಪಯಣದೊಳಗಿನ ಬಿಂದುಗಳು ಹೀಗಿವೆ ಎಂದುಕೊಳ್ಳಿ: 7:00ಕ್ಕೆ 58, 7:36ಕ್ಕೆ 57, 7:48ಕ್ಕೆ 54, 8:24ಕ್ಕೆ 50, 9:24ಕ್ಕೆ 47. ತಳ ಇರುವುದು 9:24ರಲ್ಲಿ. ಅಲ್ಲಿ ಪರದೆಯ ಮೇಲೆ ಇರುವುದು ಬಸ್ಸಿನ ಕಿಟಕಿ, ಗದ್ದೆ, ಹಿನ್ನೆಲೆ ಸಂಗೀತ. ತಳವನ್ನಷ್ಟೇ ನೋಡಿದರೆ “ಬಸ್ಸಿನ ಶಾಟುಗಳು ಉದ್ದವಾದವು, ಸಂಗೀತ ಮಂದವಾಯಿತು” ಎಂಬ ತೀರ್ಮಾನಕ್ಕೆ ಬರುತ್ತೀರಿ. ಆದರೆ ಮೊದಲ 36 ಸೆಕೆಂಡು ಗೆರೆ ಹೆಚ್ಚುಕಡಿಮೆ ಮಟ್ಟಸವಾಗಿದೆ, ಬಾಗಿದ್ದು 7:36ರ ನಂತರ. ದೃಶ್ಯಪಟ್ಟಿಯ ಮೂರನೇ ಕಾಲಮ್ ನೋಡಿ. ಅಲ್ಲಿ ಅಣ್ಣ ಬಸ್ ನಿಲ್ದಾಣದಿಂದ ಹೆಂಡತಿಗೆ ಫೋನ್ ಮಾಡಿ, ತಮ್ಮ ತಾಲ್ಲೂಕು ಕಚೇರಿಗೆ ಹೋದದ್ದು, ಪಹಣಿ ತೆಗೆಸಿದ್ದು, ಹೆಸರಿಲ್ಲವೆಂದು ರೇಗಿದ್ದು ಎಲ್ಲವನ್ನೂ ಹೇಳುತ್ತಾನೆ. ವೀಕ್ಷಕರು ಇದನ್ನೆಲ್ಲ ಮೊದಲ ದೃಶ್ಯದಲ್ಲಿ ಕಣ್ಣಾರೆ ನೋಡಿದ್ದಾರೆ. “ಹೊಸದಾಗಿ ತಿಳಿಯುವ ಸಂಗತಿ” ಎಂಬ ಕಾಲಮ್ ಖಾಲಿಯಾಗಿದೆ.

ಆದ್ದರಿಂದ ಮುಂದಿನ ಕಂತಿನಲ್ಲಿ ಕಡಿಮೆ ಮಾಡಬೇಕಾದದ್ದು ಬಸ್ಸಿನ ಶಾಟುಗಳನ್ನಲ್ಲ. ಒಂದು ಪಾತ್ರಕ್ಕೆ ಗೊತ್ತಿರುವುದನ್ನು ಇನ್ನೊಂದು ಪಾತ್ರಕ್ಕೆ ತಲುಪಿಸಲೆಂದೇ ಬರೆದ, ವೀಕ್ಷಕರಿಗೆ ಆಗಲೇ ತಿಳಿದಿರುವ ಮಾತುಗಳನ್ನು. ಧಾರಾವಾಹಿ ಬರವಣಿಗೆಯಲ್ಲಿ ಇಂಥ ಫೋನ್ ಕರೆಗಳಿಗೆ ಲೆಕ್ಕವಿಲ್ಲ. ಕರೆ ಬಂತು, ಅಣ್ಣನ ಮುಖ ಬದಲಾಯಿತು, ಮುಂದಿನ ಶಾಟಿನಲ್ಲಿ ಅವನು ಜಗಲಿಯ ಮೆಟ್ಟಿಲು ಹತ್ತುತ್ತಿದ್ದಾನೆ ಎಂದು ಕಟ್ಟಿದ್ದರೆ ಎರಡು ನಿಮಿಷದ ದೃಶ್ಯ ಇಪ್ಪತ್ತು ಸೆಕೆಂಡಿಗೆ ಇಳಿಯುತ್ತಿತ್ತು.

ಇಲ್ಲಿ ಒಂದು ಎಚ್ಚರಿಕೆ ಅಗತ್ಯ. ಎಂಟು ನಿಮಿಷ ಅಥವಾ ಅದಕ್ಕಿಂತ ಉದ್ದದ ವಿಡಿಯೊಗಳ ನಡುವೆ ಜಾಹೀರಾತು ಹಾಕಲು ಯೂಟ್ಯೂಬ್ ಅವಕಾಶ ಕೊಡುತ್ತದೆ. ನಿಮ್ಮ ಕುಸಿತ ಜಾಹೀರಾತಿನ ಜಾಗದಲ್ಲೇ ಇದ್ದರೆ ದೃಶ್ಯವನ್ನು ದೂರುವ ಮೊದಲು ಜಾಹೀರಾತನ್ನು ಸಂಶಯಿಸಿ. ಮಾತಿನ ಮಧ್ಯದಲ್ಲಿ ಬಿದ್ದ ಜಾಹೀರಾತು ಒಳ್ಳೆಯ ದೃಶ್ಯವನ್ನೂ ಕೆಡಿಸಬಲ್ಲದು. ದೃಶ್ಯಗಳ ನಡುವಿನ ಸಂದಿಗೆ ನೀವೇ ಅದನ್ನು ಸರಿಸಬಹುದು.

ಹಂತ 6: ಆರಂಭ ಮತ್ತು ಅಂತ್ಯವನ್ನು ಪ್ರತ್ಯೇಕವಾಗಿ ಓದಿ

ಮೇಲಿನ ಪಟ್ಟಿಯಲ್ಲಿ ಮೊದಲ 1 ನಿಮಿಷ 36 ಸೆಕೆಂಡುಗಳನ್ನು ಬೇಕೆಂದೇ ಬಿಟ್ಟಿದ್ದೇನೆ. ತಪ್ಪಿ ಕ್ಲಿಕ್ ಮಾಡಿದವರು, ಥಂಬ್‌ನೇಲ್ ನೋಡಿ ಬೇರೇನನ್ನೋ ನಿರೀಕ್ಷಿಸಿ ಬಂದವರು ಅಲ್ಲೇ ಹೊರಟುಹೋಗುವುದರಿಂದ ಆ ಭಾಗದ ನಷ್ಟವನ್ನು ಬೇರೆ ದೃಶ್ಯಗಳೊಂದಿಗೆ ಹೋಲಿಸಬಾರದು. ಮೊದಲ 30 ಸೆಕೆಂಡಿನ ನಂತರ ಎಷ್ಟು ಮಂದಿ ಉಳಿದರೆಂಬುದನ್ನು ಸ್ಟುಡಿಯೊ ಪ್ರತ್ಯೇಕವಾಗಿ ಹೇಳುತ್ತದೆ. ಅದನ್ನು ನಿಮ್ಮದೇ ಹಿಂದಿನ ಕಂತುಗಳೊಂದಿಗೆ ಮಾತ್ರ ಹೋಲಿಸಿ. ಅದು ಕಡಿಮೆಯಿದ್ದರೆ ಎಡಿಟ್‌ಗಿಂತ ಮೊದಲು ಶೀರ್ಷಿಕೆಯನ್ನೂ ಥಂಬ್‌ನೇಲನ್ನೂ ಪರಿಶೀಲಿಸಿ. ಅಲ್ಲಿ ಕೊಟ್ಟ ಮಾತಿಗೂ ಮೊದಲ ಅರ್ಧ ನಿಮಿಷಕ್ಕೂ ಸಂಬಂಧವಿಲ್ಲದಿದ್ದರೆ ಎಷ್ಟು ಚುರುಕಾಗಿ ಕತ್ತರಿಸಿದರೂ ಪ್ರಯೋಜನವಿಲ್ಲ.

ನಮ್ಮ ಉದಾಹರಣೆಯಲ್ಲಿ 0:48ರವರೆಗೆ ಹಿಂದಿನ ಕಂತಿನ ತುಣುಕುಗಳು, ನಂತರ 1:36ರವರೆಗೆ ಶೀರ್ಷಿಕೆ ಗೀತೆ. ಉಳಿಕೆ 0:48ಕ್ಕೆ 74, ಗೀತೆಯ ನಡುವೆ 1:12ಕ್ಕೆ 61, ಗೀತೆ ಮುಗಿದಾಗ 69. ಗೀತೆಯ ನಡುವಿನ 13 ಅಂಶಗಳ ಇಳಿತದಲ್ಲಿ 8 ಅಂಶ ಮರಳಿ ಬಂದಿದೆ. ಅಂದರೆ ಗೀತೆಯಿಂದಾಗಿ ಹೆಚ್ಚೆಂದರೆ 5 ಅಂಶಗಳಷ್ಟು ಜನ ಹೋಗಿರಬಹುದು, ಉಳಿದವರು ಹಾಡನ್ನು ಹಾರಿಸಿ ಕಥೆಗೆ ಬಂದಿದ್ದಾರೆ. ಸರಣಿಯನ್ನು ಪ್ಲೇಲಿಸ್ಟಿನಲ್ಲಿ ಒಂದರ ಹಿಂದೊಂದು ನೋಡುವವರಿಗೆ ಅದೇ ಹಾಡು ಪ್ರತಿ ಸಲವೂ ಎದುರಾಗುವುದರಿಂದ ಕಂತು ಹೆಚ್ಚಿದಂತೆ ಈ ಹಳ್ಳ ಆಳವಾಗುವ ಸಂಭವವಿದೆ. 48 ಸೆಕೆಂಡಿನ ಹಾಡನ್ನು ಮೊದಲ ಕಂತಿಗೆ ಪೂರ್ತಿಯಾಗಿ ಇಟ್ಟು, ಎರಡನೆಯದರಿಂದ ಹತ್ತು ಸೆಕೆಂಡಿಗೆ ಇಳಿಸಿದರೆ ಸಾಕು. ಸಂಗೀತ ನಿರ್ದೇಶಕರೊಂದಿಗೆ ಈ ಮಾತನ್ನು ಗ್ರಾಫ್ ಎದುರಿಗಿಟ್ಟುಕೊಂಡೇ ಆಡುವುದು ಕ್ಷೇಮ.

ಹಿಂದಿನ ಕಂತಿನ ತುಣುಕುಗಳ ವಿಷಯ ಇಷ್ಟು ಸುಲಭವಲ್ಲ. ನಿಯಮಿತ ವೀಕ್ಷಕರಿಗೆ ಅವು ಬೇಡ, ಹೊಸಬರಿಗೆ ಬೇಕು. ವಿವರವಾದ ವರದಿಯಲ್ಲಿ ಸಬ್‌ಸ್ಕ್ರೈಬರ್‌ಗಳ ಮತ್ತು ಸಬ್‌ಸ್ಕ್ರೈಬ್ ಆಗದವರ ಗೆರೆಗಳನ್ನು ಪ್ರತ್ಯೇಕವಾಗಿ ನೋಡಬಹುದು. ತುಣುಕುಗಳ ಭಾಗದಲ್ಲಿ ಇಬ್ಬರೂ ಸಮನಾಗಿ ಇಳಿದಿದ್ದರೆ ತುಣುಕುಗಳು ಯಾರಿಗೂ ನೆರವಾಗುತ್ತಿಲ್ಲ. ಸಬ್‌ಸ್ಕ್ರೈಬರ್‌ಗಳ ಗೆರೆಯಲ್ಲಿ ಜಿಗಿತದ ಹಳ್ಳವೂ ಇನ್ನೊಂದರಲ್ಲಿ ಸಮಾಧಾನದ ಇಳಿಜಾರೂ ಕಂಡರೆ ತುಣುಕುಗಳು ತಮ್ಮ ಕೆಲಸ ಮಾಡುತ್ತಿವೆ. ಅವನ್ನು ಚಿಕ್ಕದು ಮಾಡಿ, ತೆಗೆಯಬೇಡಿ.

ಅಂತ್ಯದಲ್ಲಿ 19:12ರ ನಂತರ ಗೆರೆ 37ರಿಂದ 15ಕ್ಕೆ ಬೀಳುತ್ತದೆ. ಹೆಸರುಗಳು ತೆರೆಯ ಮೇಲೆ ಬರಲಾರಂಭಿಸಿದವು, ಜನ ಹೋದರು, ಅಷ್ಟೇ. ಆದರೆ ಮುಂದಿನ ಕಂತಿನ ಝಲಕ್ ಅನ್ನು ಹೆಸರುಗಳ ನಂತರ ಇಟ್ಟಿದ್ದರೆ ಅದನ್ನು ನೋಡುತ್ತಿರುವವರು ಆ 15 ಮಾತ್ರ. ಝಲಕ್ ಹೆಸರುಗಳಿಗಿಂತ ಮುಂಚೆ ಬರಲಿ. ಎಂಡ್ ಸ್ಕ್ರೀನ್ ವಿಡಿಯೊದ ಕೊನೆಯ 20 ಸೆಕೆಂಡುಗಳೊಳಗೆ ಮಾತ್ರ ಬರಬಲ್ಲದು, ಆದ್ದರಿಂದ ಹೆಸರುಗಳನ್ನು ಅಷ್ಟರೊಳಗೆ ಮುಗಿಸಿ, ಮುಂದಿನ ಕಂತಿನ ಕೊಂಡಿಯಿರುವ ಎಂಡ್ ಸ್ಕ್ರೀನ್ ಝಲಕ್ ಮುಗಿದ ಕೂಡಲೇ ಅವುಗಳ ಜೊತೆಗೇ ಬರಲಿ.

ಉದಾಹರಣೆಯಲ್ಲಿ ಒಂದು ಉಬ್ಬೂ ಇದೆ. 17:36ಕ್ಕೆ ಉಳಿಕೆ 42ಕ್ಕೆ ಏರಿ ಮತ್ತೆ ಇಳಿಯುತ್ತದೆ. ಪತ್ರದಲ್ಲಿರುವ ಹೆಸರನ್ನು ತಾಯಿ ಪಿಸುಮಾತಿನಲ್ಲಿ ಓದುವ ಜಾಗ ಅದು. ಕಮೆಂಟುಗಳಲ್ಲಿ “ಯಾರ ಹೆಸರು ಹೇಳಿದ್ದು?” ಎಂದು ಕೇಳಿದ್ದರೆ ಅದು ಶಬ್ದದ ದೋಷ, ಮುಂದಿನ ಕಂತಿನಲ್ಲಿ ಅಂಥ ಮಾತಿಗೆ ಕನ್ನಡ ಸಬ್‌ಟೈಟಲ್ ಕೊಡಿ ಅಥವಾ ಹಿನ್ನೆಲೆ ಸಂಗೀತ ತಗ್ಗಿಸಿ.

ಹಂತ 7: ಒಂದೇ ಬದಲಾವಣೆ ಆರಿಸಿ, ನಿರೀಕ್ಷೆಯನ್ನು ಬರೆದಿಡಿ

ಹಾಡು, ತುಣುಕು, ಫೋನ್ ಕರೆ, ಝಲಕ್ ಎಲ್ಲವನ್ನೂ ಒಂದೇ ಕಂತಿನಲ್ಲಿ ಬದಲಾಯಿಸಿದರೆ ಯಾವುದರಿಂದ ಏನಾಯಿತೆಂದು ತಿಳಿಯುವುದಿಲ್ಲ. ಹಾಡು ಮತ್ತು ಝಲಕ್‌ನಂಥ ಸಿದ್ಧ ಭಾಗಗಳ ತಿದ್ದುಪಡಿ ಗ್ರಾಫಿನ ಎರಡು ತುದಿಗಳಲ್ಲಿ ಬೇರೆ ಬೇರೆಯಾಗಿ ಕಾಣುವುದರಿಂದ ಅವನ್ನು ಒಟ್ಟಿಗೆ ಮಾಡಬಹುದು. ಕಥೆಯೊಳಗಿನ ಬದಲಾವಣೆ ಮಾತ್ರ ಕಂತಿಗೊಂದೇ ಇರಲಿ. ಚಿತ್ರೀಕರಣ ಮುಗಿದಿರುವ ಕಂತಾದರೆ ಎಡಿಟ್ ಮೇಜಿನಲ್ಲೇ “ವೀಕ್ಷಕರಿಗೆ ಆಗಲೇ ಗೊತ್ತಿರುವ ಸಂಗತಿ ಪುನಃ ಬರುವ ಮಾತುಗಳನ್ನು ತೆಗೆಯುವುದು” ಎಂದು ಬರೆದು, ಅದರ ಮುಂದೆ ನಿರೀಕ್ಷೆಯನ್ನೂ ಬರೆಯಿರಿ: “ನಡುಭಾಗದ ಯಾವ ದೃಶ್ಯದಲ್ಲೂ ನಿಮಿಷದ ನಷ್ಟ ಶೇ. 4 ದಾಟಬಾರದು.” ಈ 4 ಎಂಬುದು ನಮ್ಮ ಉದಾಹರಣೆಯ ಉಳಿದ ದೃಶ್ಯಗಳ ದರಕ್ಕಿಂತ ತುಸು ಮೇಲಿನ ಗೆರೆ, ನಿಮ್ಮ ಸರಣಿಗೆ ನಿಮ್ಮ ಪಟ್ಟಿಯಿಂದಲೇ ಅದು ಸಿಗಬೇಕು.

ಪ್ರಕಟವಾದ ಕಂತಿನಿಂದಲೇ ಆ ಭಾಗವನ್ನು ಸ್ಟುಡಿಯೊದ ಎಡಿಟರ್ ಬಳಸಿ ಕತ್ತರಿಸಿಬಿಡುವ ಆಸೆಯೂ ಹುಟ್ಟುತ್ತದೆ. ಓದುವ ಕೆಲಸ ಮುಗಿಯುವವರೆಗೆ ಹಾಗೆ ಮಾಡಬೇಡಿ. ಕತ್ತರಿಸಿದ ಮೇಲೆ ಗ್ರಾಫಿನ ಸಮಯಕ್ಕೂ ನಿಮ್ಮ ದೃಶ್ಯಪಟ್ಟಿಗೂ ತಾಳೆಯಾಗುವುದಿಲ್ಲ.

ಹಂತ 8: ಮುಂದಿನ ಕಂತಿನ ಗ್ರಾಫಿನೊಂದಿಗೆ ತಾಳೆ ನೋಡಿ

ಇಡೀ ಕಂತಿನ ಸರಾಸರಿ ಶೇಕಡಾವಾರನ್ನು ಹೋಲಿಸುವುದು ಸುಲಭ, ಆದರೆ ಎರಡು ಕಾರಣಗಳಿಂದ ಅದು ದಾರಿ ತಪ್ಪಿಸುತ್ತದೆ. ಮೊದಲನೆಯದಾಗಿ, ಕಂತು ಚಿಕ್ಕದಾದರೆ ಬೇರೇನೂ ಬದಲಾಗದಿದ್ದರೂ ಶೇಕಡಾವಾರು ಸಾಮಾನ್ಯವಾಗಿ ಏರುತ್ತದೆ. ಎರಡನೆಯದಾಗಿ, ಸರಣಿ ಮುಂದುವರಿದಂತೆ ಇಷ್ಟವಿಲ್ಲದವರು ಹಿಂದಿನ ಕಂತುಗಳಲ್ಲೇ ಉದುರಿಹೋಗಿರುತ್ತಾರೆ. ಐದನೇ ಕಂತಿಗೆ ಬರುವವರು ನಾಲ್ಕನ್ನು ನೋಡಿ ಒಪ್ಪಿದವರು. ಆ ಕಂತಿನ ಉಳಿಕೆ ಒಂದನೆಯದಕ್ಕಿಂತ ಹೆಚ್ಚಿದ್ದರೆ ಅದು ಬರವಣಿಗೆ ಸುಧಾರಿಸಿದ್ದಕ್ಕೆ ಪುರಾವೆಯಾಗುವುದಿಲ್ಲ. ಹಾಗಾಗಿ ಪಕ್ಕಪಕ್ಕದ ಕಂತುಗಳನ್ನು ಮಾತ್ರ, ಅದೂ ದೃಶ್ಯಗಳ ನಷ್ಟದ ದರದಲ್ಲಿ ಹೋಲಿಸಿ. ಸ್ಟುಡಿಯೊ ಗ್ರಾಫಿನ ಹಿಂದೆ ಬಳಿಯುವ ಬೂದು ಪಟ್ಟಿ ನಿಮ್ಮದೇ ಸಮಾನ ಉದ್ದದ ವಿಡಿಯೊಗಳ ವಾಡಿಕೆಯ ಉಳಿಕೆಯನ್ನು ತೋರಿಸುತ್ತದೆ. ಚಾನೆಲ್ಲಿನಲ್ಲಿ ಸಂದರ್ಶನ, ಅಡುಗೆ ವಿಡಿಯೊಗಳೂ ಇದ್ದರೆ ಆ ಪಟ್ಟಿ ಕಥಾ ಸರಣಿಗೆ ಸರಿಯಾದ ಅಳತೆಯಲ್ಲ.

ತಾಳೆ ನೋಡುವಾಗ ಕತ್ತರಿಸಿದ ಜಾಗದಲ್ಲಿ ನಿಲ್ಲದೆ ಅದರ ಮುಂದಿನ ದೃಶ್ಯವನ್ನೂ ನೋಡಿ. ಪಯಣದಂಥ ದೃಶ್ಯದ ನಷ್ಟ 7.9ರಿಂದ 3ಕ್ಕೆ ಇಳಿದು, ಅದರ ನಂತರದ ದೃಶ್ಯದ ನಷ್ಟ 1.9ರಿಂದ 5ಕ್ಕೆ ಏರಿದ್ದರೆ ಜನ ಹೊರಡುವುದು ಎರಡು ನಿಮಿಷ ತಡವಾಗಿದೆ, ಅಷ್ಟೇ. ಆಗ ದೋಷ ಫೋನ್ ಕರೆಯ ಉದ್ದದಲ್ಲಿರಲಿಲ್ಲ. ಏಳನೇ ನಿಮಿಷದ ಹೊತ್ತಿಗೆ ಕಥೆ ವೀಕ್ಷಕರ ಮುಂದೆ ಯಾವ ಪ್ರಶ್ನೆಯನ್ನೂ ಇಟ್ಟಿರಲಿಲ್ಲ. ಅಂಥ ಸಂದರ್ಭದಲ್ಲಿ ಎಡಿಟ್ ಮೇಜನ್ನು ಬಿಟ್ಟು ಚಿತ್ರಕಥೆಗೆ ಹಿಂದಿರುಗಿ, ಅಡುಗೆಮನೆಯ ದೃಶ್ಯ ಮುಗಿಯುವ ಮೊದಲು ಅತ್ತಿಗೆ ಏನನ್ನು ಮುಚ್ಚಿಡುತ್ತಿದ್ದಾಳೆಂಬ ಸುಳಿವನ್ನಾದರೂ ಬರೆಯಬೇಕಾಗುತ್ತದೆ.